ಇಕೋ ಕ್ಲಬ್ ಪೋಸ್ಟರ್‌ಗೆ ಮರ, ನೀರಿನ ಗಾದೆ: ಯಾವುದನ್ನು ಹಾಕಬಹುದು?

ವಿಜ್ಞಾನ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಇಕೋ ಕ್ಲಬ್ ಕೂಡ ನಾನೇ ನೋಡಿಕೊಳ್ಳುತ್ತೇನೆ. ಈ ಸಲ ಮಕ್ಕಳು ಎರಡು ಪೋಸ್ಟರ್ ಮಾಡಲು ಹೊರಟಿದ್ದಾರೆ. ಒಂದು ಕುಡಿಯುವ ನೀರಿನ ನಲ್ಲಿಗಳ ಹತ್ತಿರ, ಇನ್ನೊಂದು ಮೈದಾನದ ಅಂಚಿನಲ್ಲಿ ಹೊಸದಾಗಿ ನೆಟ್ಟ ಗಿಡಗಳ ಹತ್ತಿರ.

"ಹಸಿರೇ ಉಸಿರು", "ಜಲವೇ ಜೀವ" ಬೇಡ ಅಂತ ಮಕ್ಕಳೇ ಹೇಳಿದರು. ಅವು ಈಗಾಗಲೇ ಕಾಂಪೌಂಡ್ ಗೋಡೆಯ ಮೇಲಿವೆ, ಯಾರೂ ನಿಂತು ಓದುವುದಿಲ್ಲ. ಅದಕ್ಕೆ ಮನೆಯಲ್ಲಿ ಅಜ್ಜ ಅಜ್ಜಿಯನ್ನು ಕೇಳಿ, ಮರ ಅಥವಾ ನೀರು ಬರುವ ಗಾದೆ ತನ್ನಿ ಅಂದೆ. ತಂದವು ಇವು: ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಹಿತ್ತಲ ಗಿಡ ಮದ್ದಲ್ಲ. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ತುಂಬಿದ ಕೊಡ ತುಳುಕುವುದಿಲ್ಲ. ಅಪ್ಪ ನೆಟ್ಟ ಆಲದ ಮರ.

ಮಕ್ಕಳಿಗೆ ತುಂಬಾ ಹಿಡಿಸಿರುವುದು ಕೊನೆಯದು. ದೊಡ್ಡದೊಂದು ಆಲದ ಮರ ಬರೆದು ಬಿಳಲುಗಳ ನಡುವೆ ಅಕ್ಷರ ಕೂರಿಸೋಣ ಅಂತಿದ್ದಾರೆ. ಪೆನ್ಸಿಲ್ ಚಿತ್ರ ಆಗಲೇ ಮುಗಿದಿದೆ, ಚೆನ್ನಾಗಿಯೂ ಇದೆ. ಹಾಕಬಹುದಾ? ಬೇರೆ ಒಳ್ಳೆಯ ಮಾತು ಇದ್ದರೂ ಹೇಳಿ.

ಕಿರಣ

ಮೇಡಂ, ಗಾದೆಗಿಂತ ಸಂಸ್ಕೃತದ ಮಾತು ಹಾಕಿ, ತೂಕ ಬರುತ್ತೆ. "ವೃಕ್ಷೋ ರಕ್ಷತಿ ರಕ್ಷಿತಃ" ವೇದದಲ್ಲೇ ಇದೆ. ಮರವನ್ನು ಕಾಪಾಡಿದರೆ ಮರ ನಮ್ಮನ್ನು ಕಾಪಾಡುತ್ತೆ ಅಂತ. ಇನ್ನೊಂದು ಉಪನಿಷತ್ತಿನದು, ಒಂದು ಮರ ಹತ್ತು ಮಕ್ಕಳಿಗೆ ಸಮ ಅಂತ ಬರುತ್ತೆ. ಪೂರ್ತಿ ಶ್ಲೋಕ ನೆನಪಿಲ್ಲ. ಗಾಂಧೀಜಿಯವರದೂ ಒಂದಿದೆ: ಭೂಮಿ ಎಲ್ಲರ ಅಗತ್ಯವನ್ನು ಪೂರೈಸುತ್ತದೆ, ದುರಾಸೆಯನ್ನಲ್ಲ. ಮೂರನ್ನೂ ಒಂದೇ ಪೋಸ್ಟರ್‌ನಲ್ಲಿ ಹಾಕಿದರೆ ಗಟ್ಟಿಯಾಗಿರುತ್ತೆ.

ನಿವೃತ್ತ ಮೇಷ್ಟ್ರು

ಟೀಚರ್, ಮೊದಲು ಆಲದ ಮರದ ವಿಷಯ. ದಯವಿಟ್ಟು ಅದನ್ನು ಹಾಕಬೇಡಿ. ಮಕ್ಕಳು ತಂದಿರುವುದು ಗಾದೆಯ ಅರ್ಧ ಮಾತ್ರ. ಪೂರ್ತಿ ಗಾದೆ "ಅಪ್ಪ ನೆಟ್ಟ ಆಲದ ಮರ ಅಂತ ನೇಣು ಹಾಕಿಕೊಂಡರಂತೆ". ಹಿರಿಯರದು ಅನ್ನುವ ಒಂದೇ ಕಾರಣಕ್ಕೆ ಕೆಟ್ಟದ್ದಕ್ಕೂ ಜೋತುಬೀಳುವವರಿಗೆ ಹೇಳುವ ಮಾತು ಅದು. ಮರವನ್ನು ಹೊಗಳುವ ಮಾತು ಅದರಲ್ಲಿಲ್ಲ. ನೀವು ಮುಂದಿನ ಅರ್ಧ ಬರೆಯದೇ ಇರಬಹುದು. ಆದರೆ ಕನ್ನಡ ಬಲ್ಲ ದೊಡ್ಡವರು ಯಾರೇ ಓದಿದರೂ ಮನಸ್ಸಿನಲ್ಲಿ ಅದನ್ನು ತಾವೇ ಪೂರ್ತಿ ಮಾಡಿಕೊಳ್ಳುತ್ತಾರೆ. ಶಾಲೆಯ ಗೋಡೆಯ ಮೇಲೆ ಮಕ್ಕಳ ಕೈಬರಹದಲ್ಲಿ ಆ ಮಾತು ಇರಬಾರದು.

ಗಾದೆ ಆರಿಸುವಾಗ ಇದೇ ತೊಡಕು. ಮರ, ನೀರು ಬರುವ ನಮ್ಮ ಗಾದೆಗಳಲ್ಲಿ ಹೆಚ್ಚಿನವು ಹೇಳುವುದು ಮನುಷ್ಯರ ಬಗ್ಗೆ. ಗಿಡವಾಗಿ ಬಗ್ಗದ್ದು ಅನ್ನುವುದು ಮಕ್ಕಳನ್ನು ತಿದ್ದುವ ಮಾತು. ತುಂಬಿದ ಕೊಡ ಅಂದರೆ ತಿಳಿದವರ ಗಾಂಭೀರ್ಯ. ಹೊಳೆಯಲ್ಲಿ ಹುಣಸೆಹಣ್ಣು ಅಂದರೆ ದಂಡವಾದ ಕೆಲಸ. ಇವನ್ನು ನಲ್ಲಿಯ ಹತ್ತಿರ ಹಾಕಿದರೆ ಓದಿದವರಿಗೆ ನೀರಿನ ವಿಷಯವೇ ಹೊಳೆಯುವುದಿಲ್ಲ.

ಹಿತ್ತಲ ಗಿಡದ್ದು ಇನ್ನೂ ಕಷ್ಟ. ಹತ್ತಿರ ಇರುವುದರ ಬೆಲೆ ನಮಗೆ ತಿಳಿಯುವುದಿಲ್ಲ ಅನ್ನುವ ಕೊರಗು ಆ ಗಾದೆಯಲ್ಲಿದೆ. ಗಿಡದ ಪಕ್ಕ ಬೋರ್ಡ್ ಮೇಲೆ ಅದನ್ನೇ ಬರೆದರೆ, ಆರನೇ ಕ್ಲಾಸಿನ ಮಗು ಅಕ್ಷರಕ್ಕೆ ಅಕ್ಷರ ಓದಿ, ಹಿತ್ತಲಿನ ಗಿಡ ಔಷಧಿಗೆ ಬರಲ್ಲ ಅಂದುಕೊಳ್ಳುತ್ತದೆ. ನಿಮ್ಮ ಉದ್ದೇಶಕ್ಕೆ ನೇರ ಉಲ್ಟಾ.

ನಿಮ್ಮ ಪಟ್ಟಿಯಲ್ಲಿ ನಲ್ಲಿಗೆ ಹೊಂದುವುದು ಹನಿ ಹನಿ ಕೂಡಿದರೆ ಹಳ್ಳ. ಅದು ಉಳಿತಾಯದ ಗಾದೆ. ಹಾಗಿದ್ದರೂ ಅದರ ಹನಿ ನಿಜವಾದ ಹನಿಯೇ. ಸುಮ್ನೆ ಓದಿದರೂ ಅರ್ಥ ಆಗುತ್ತದೆ, ಒಳಗಿನ ಅರ್ಥ ಗೊತ್ತಿದ್ದರೂ ಕೆಡುವುದಿಲ್ಲ.

ಎಂಟನೇ ಕ್ಲಾಸಿನ ಅಮ್ಮ

ಮೇಷ್ಟ್ರೇ, ತುಂಬಾ ಒಳ್ಳೆಯದಾಯ್ತು ನೀವು ಸಿಕ್ಕಿದ್ದು. ನನ್ನ ಮಗಳಿಗೆ ಪರೀಕ್ಷೆಯಲ್ಲಿ ಗಾದೆ ವಿಸ್ತರಿಸಿ ಬರೆಯಿರಿ ಅಂತ ಬರುತ್ತೆ. ಗಿಡವಾಗಿ ಬಗ್ಗದ್ದು, ಹಿತ್ತಲ ಗಿಡ, ಎರಡೂ ಪ್ರತಿ ವರ್ಷ ಇರುತ್ತವಂತೆ. ಒಂದೊಂದಕ್ಕೂ ಎಷ್ಟು ಸಾಲು ಬರೆಯಬೇಕು? ನಿಮ್ಮ ಉತ್ತರವನ್ನೇ ಬಾಯಿಪಾಠ ಮಾಡಿಸಲಾ?

ನಿವೃತ್ತ ಮೇಷ್ಟ್ರು

ಅಮ್ಮಾ, ಇಲ್ಲಿ ನಡೀತಿರುವುದು ಪೋಸ್ಟರ್ ಮಾತು. ಆದರೂ ಕೇಳಿದ್ದೀರಿ, ಹೇಳುತ್ತೇನೆ. ಬಾಯಿಪಾಠ ಬೇಡ. ಮೊದಲು ಮೇಲಿನ ಅರ್ಥ, ಆಮೇಲೆ ಒಳಗಿನ ಅರ್ಥ, ಆಮೇಲೆ ಅವಳೇ ಕಂಡ ಒಂದು ಉದಾಹರಣೆ. ಇಷ್ಟನ್ನು ಅವಳ ಮಾತಿನಲ್ಲೇ ಬರೆಯಲಿ.

ಕಿರಣ ಅವರೇ, ನಿಮ್ಮ ಮೂರು ಮಾತುಗಳ ಬಗ್ಗೆ. "ಧರ್ಮೋ ರಕ್ಷತಿ ರಕ್ಷಿತಃ" ಹಳೆಯದು. ಮನುಸ್ಮೃತಿಯಲ್ಲಿದೆ, ಮಹಾಭಾರತದಲ್ಲೂ ಬರುತ್ತದೆ. ಅದರ ಧರ್ಮವನ್ನು ತೆಗೆದು ವೃಕ್ಷವನ್ನು ಇಟ್ಟಿರುವುದು ಈಚಿನವರು. ಮಾತು ಒಳ್ಳೆಯದೇ, ಬಳಸಿ. ಕೆಳಗೆ ವೇದವಾಕ್ಯ ಅಂತ ಮಾತ್ರ ಬರೆಯಬೇಡಿ.

ಮರ ಮತ್ತು ಮಕ್ಕಳ ಶ್ಲೋಕ ಉಪನಿಷತ್ತಿನದಲ್ಲ, ಮತ್ಸ್ಯಪುರಾಣದ್ದು. "ದಶಕೂಪಸಮಾ ವಾಪೀ ದಶವಾಪೀಸಮೋ ಹ್ರದಃ, ದಶಹ್ರದಸಮಃ ಪುತ್ರೋ ದಶಪುತ್ರಸಮೋ ದ್ರುಮಃ." ಹತ್ತು ಬಾವಿಗೆ ಒಂದು ಕೊಳ ಸಮ, ಹತ್ತು ಕೊಳಕ್ಕೆ ಒಂದು ಸರೋವರ, ಹತ್ತು ಸರೋವರಕ್ಕೆ ಒಬ್ಬ ಮಗ, ಹತ್ತು ಗಂಡುಮಕ್ಕಳಿಗೆ ಒಂದು ಮರ. ಪಾರ್ವತಿ ಅಶೋಕದ ಸಸಿಯೊಂದನ್ನು ಮಗನ ಹಾಗೆ ಸಾಕುತ್ತಾಳೆ. ಅದನ್ನು ಕೇಳಿದವರಿಗೆ ಅವಳು ಕೊಡುವ ಉತ್ತರ ಇದು. ನೀರು, ಮರ ಎರಡೂ ಒಂದೇ ಮಾತಿನಲ್ಲಿ ಬರುವುದು ಅಪರೂಪ. ಹಾಗಾಗಿ ನನಗೆ ಇದರ ಮೇಲೆ ಬಹಳ ಪ್ರೀತಿ.

ಗಾಂಧೀಜಿಯವರ ಮಾತನ್ನು ಬರೆದಿಟ್ಟವರು ಅವರ ಕಾರ್ಯದರ್ಶಿಯಾಗಿದ್ದ ಪ್ಯಾರೇಲಾಲ್. ಗಾಂಧೀಜಿ ಹೇಳಿದ್ದು ಅಂತ ಪ್ಯಾರೇಲಾಲ್ ದಾಖಲಿಸಿದ್ದಾರೆ ಅನ್ನುವುದೇ ಸರಿಯಾದ ಮಾತು. ಅಷ್ಟನ್ನೂ ಪೋಸ್ಟರ್‌ನಲ್ಲಿ ಬರೆಯಲು ಜಾಗ ಇರುವುದಿಲ್ಲ. ಅದೂ ಅಲ್ಲದೆ ಆ ಮಾತಿನಲ್ಲಿ ಮರವೂ ಇಲ್ಲ, ನೀರೂ ಇಲ್ಲ.

ಗೋಡೆಬರಹ

ನಾನು ಗೋಡೆ, ಬೋರ್ಡ್ ಬರೆಯುವವನು. ಮೂರು ಮಾತನ್ನು ಒಂದೇ ಚಾರ್ಟ್‌ನಲ್ಲಿ ಹಾಕುವುದನ್ನು ಬಿಟ್ಟುಬಿಡಿ ಮೇಡಂ. ಒಂದು ಬೋರ್ಡಿಗೆ ಒಂದೇ ಮಾತು.

ನಮ್ಮ ಕೆಲಸದಲ್ಲಿ ಒಂದು ಲೆಕ್ಕ ಇದೆ. ಹತ್ತು ಅಡಿ ದೂರದಿಂದ ಆರಾಮಾಗಿ ಓದಬೇಕಾದರೆ ಅಕ್ಷರ ಒಂದು ಇಂಚು ಎತ್ತರ ಇರಬೇಕು. ಮೂವತ್ತು ಅಡಿಗೆ ಮೂರು ಇಂಚು. ನಿಮ್ಮ ನಲ್ಲಿ ಹತ್ತಿರ ಮಕ್ಕಳು ಕ್ಯೂ ನಿಲ್ಲುತ್ತಾರಲ್ವಾ, ಕ್ಯೂನ ಕೊನೆಯ ಮಗು ಎಷ್ಟು ದೂರ ಇರುತ್ತೆ ಅಂತ ಹೆಜ್ಜೆ ಹಾಕಿ ನೋಡಿ. ಆ ಮಗುವಿಗೆ ಓದಲು ಬರಬೇಕು. ಮುಂದೆ ನಿಂತವರು ನೀರು ಹಿಡಿಯುವುದರಲ್ಲಿ ಇರುತ್ತಾರೆ, ಹಿಂದೆ ನಿಂತವರಿಗೇ ಓದಲು ಪುರುಸೊತ್ತು.

ಅಂಗಡಿಯಲ್ಲಿ ಸಿಗುವ ದೊಡ್ಡ ಚಾರ್ಟ್ 28 ಇಂಚು ಅಗಲ, 22 ಇಂಚು ಎತ್ತರ. ಅಕ್ಷರ ಮೂರು ಇಂಚು ಇಟ್ಟರೆ, ಮೇಲೆ ಗುಣಿತಕ್ಕೆ, ಕೆಳಗೆ ಒತ್ತಕ್ಷರಕ್ಕೆ ಇನ್ನೆರಡು ಇಂಚು ಬಿಡಬೇಕು. ಅಂದರೆ ಒಂದು ಸಾಲಿಗೆ ಐದು ಇಂಚು. ಈಗ "ಹನಿ ಹನಿ", "ಕೂಡಿದರೆ", "ಹಳ್ಳ" ಅಂತ ಮೂರು ಸಾಲು ಮಾಡಿ. ಹದಿನೈದು ಇಂಚು ಆಯಿತು, ಏಳು ಇಂಚು ಕೆಳಗೆ ಉಳಿಯಿತು. ಇಡೀ ಮಾತಿನಲ್ಲಿ ಒತ್ತು ಇರುವುದು ಒಂದೇ ಕಡೆ, ಹಳ್ಳದ ಳ್ಳ. ದೂರದಿಂದ ತುಂಬಾ ಚೆನ್ನಾಗಿ ಕಾಣುತ್ತೆ.

"ವೃಕ್ಷೋ ರಕ್ಷತಿ ರಕ್ಷಿತಃ" ತಗೊಳ್ಳಿ. ಮೂರು ಪದ, ಮೂರರಲ್ಲೂ ಕ್ಷ. ಮಕ್ಕಳು ಸ್ಕೆಚ್ ಪೆನ್ನಲ್ಲಿ ಬರೆದರೆ ಒಂದರ ಒತ್ತು ಇನ್ನೊಂದರ ತಲೆಗೆ ತಾಗುತ್ತೆ. ಹತ್ತಿರ ಹೋದರಷ್ಟೇ ಓದಬಹುದು.

ಗಾದೆಯ ಎರಡನೇ ಭಾಗ ಬಿಡಬಹುದು ಅಂತ ನನಗನ್ನಿಸುತ್ತೆ. ನಲ್ಲಿ ಹತ್ತಿರ ತೆನೆ, ಬಳ್ಳ ಯಾಕೆ? ಈಗಿನ ಮಕ್ಕಳಿಗೆ ಬಳ್ಳ ಗೊತ್ತೂ ಇಲ್ಲ.

ವಿಜ್ಞಾನ ಟೀಚರ್

ಮೇಷ್ಟ್ರೇ, ಆಲದ ಮರದ ಗಾದೆ ಪೂರ್ತಿ ಏನು ಅಂತ ಮಕ್ಕಳಿಗೆ ಹೇಳಿದೆ. ಅವರೇ ಬೇಡ ಅಂದರು. ಚಿತ್ರ ಉಳಿಸಿಕೊಂಡಿದ್ದೇವೆ.

ನಿಮ್ಮ ಮಾತು ಓದಿದ ಮೇಲೆ ಒಂದು ಪರೀಕ್ಷೆ ಮಾಡಿದೆವು. ಕ್ಲಬ್ಬಿನಲ್ಲಿ ಇಲ್ಲದ ಆರನೇ ಕ್ಲಾಸಿನ ಮಕ್ಕಳಿಗೆ ಒಂದೊಂದೇ ಗಾದೆ ಬರೆದ ಚೀಟಿ ತೋರಿಸಿ, "ಇದನ್ನು ನಲ್ಲಿ ಹತ್ತಿರ ಅಂಟಿಸಿದರೆ ನೀನು ಏನು ಮಾಡುತ್ತೀ?" ಅಂತ ಕೇಳಿದೆವು. ಅರ್ಥ ಏನು ಅಂತ ಕೇಳಲಿಲ್ಲ. ಏನು ಮಾಡುತ್ತೀ ಅಂತಲೇ ಕೇಳಿದೆವು.

ತುಂಬಿದ ಕೊಡಕ್ಕೆ ಬಂದ ಉತ್ತರ, "ಬಾಟ್ಲು ಪೂರ್ತಿ ತುಂಬಿಸ್ಕೋತೀನಿ ಮಿಸ್". ಬೆಂಕಿ ಬಿದ್ದಾಗ ಬಾವಿ ಅನ್ನುವುದಕ್ಕೆ ಫೈರ್ ಎಂಜಿನ್‌ಗೆ ಫೋನ್ ಮಾಡ್ತೀನಿ ಅಂದರು. ಹನಿ ಹನಿ ಕೂಡಿದರೆ ಹಳ್ಳಕ್ಕೆ ಮಾತ್ರ ಬಹಳ ಮಕ್ಕಳು "ನಲ್ಲಿ ಸರಿಯಾಗಿ ನಿಲ್ಲಿಸ್ತೀನಿ" ಅಂದರು. ಒಬ್ಬಳು ಹುಡುಗಿ, "ಹನಿ ಬೀಳ್ತಾ ಇದ್ರೆ ಒಳ್ಳೇದಲ್ವಾ, ಹಳ್ಳ ಆಗುತ್ತಲ್ಲ" ಅಂದಳು. ಅವಳ ಮಾತು ನನ್ನ ತಲೆಯಲ್ಲೇ ಕೂತಿದೆ. ಗಾದೆಯಲ್ಲಿ ಹಳ್ಳ ತುಂಬುವುದು ಒಳ್ಳೆಯದು. ನಮ್ಮ ನಲ್ಲಿ ಕೆಳಗೆ ಹಳ್ಳ ಆಗುವುದು ಒಳ್ಳೆಯದಲ್ಲ. ಇದನ್ನು ಹೇಗೆ ಸರಿಮಾಡುವುದು?

ತೋಟದವರು

ಆ ಹುಡುಗಿ ಸರಿಯಾಗೇ ಹೇಳಿದ್ದಾಳೆ. ಗಾದೆಯ ಕೆಳಗೆ ನಿಮ್ಮದೇ ನಲ್ಲಿಯ ಲೆಕ್ಕ ಬರೆಯಿರಿ, ಆಗ ಅದು ಯಾವ ಹಳ್ಳ ಅಂತ ಗೊತ್ತಾಗುತ್ತೆ. ಇಂಟರ್‌ನೆಟ್‌ನಿಂದ ಅಂಕಿ ತಗೋಬೇಡಿ. ಒಂದು ಲೀಟರಿಗೆ ಇಷ್ಟು ಹನಿ ಅಂತ ಒಬ್ಬೊಬ್ಬರು ಒಂದೊಂದು ಬರೆದಿರುತ್ತಾರೆ. ಹನಿಯ ಗಾತ್ರ ನಲ್ಲಿಯ ಬಾಯಿಯ ಮೇಲೆ ಹೋಗುತ್ತೆ, ಎಲ್ಲಾ ಕಡೆ ಒಂದೇ ಇರುವುದಿಲ್ಲ.

ನಾನು ಹನಿ ನೀರಾವರಿ ಪೈಪು ಪರೀಕ್ಷೆ ಮಾಡುವ ಹಾಗೆ ಮಾಡಿ. ಸೋರುವ ನಲ್ಲಿಯ ಕೆಳಗೆ ಪಾತ್ರೆ ಇಟ್ಟು ಸರಿಯಾಗಿ ಹತ್ತು ನಿಮಿಷ ಬಿಡಿ. ನಿಮ್ಮ ಲ್ಯಾಬಿನ ಅಳತೆ ಜಾಡಿಗೆ ಸುರಿದು ಎಷ್ಟು ಮಿಲಿಲೀಟರ್ ಅಂತ ನೋಡಿ. ಆರರಿಂದ ಗುಣಿಸಿದರೆ ಒಂದು ಗಂಟೆಯದು, ಅದನ್ನು 24ರಿಂದ ಗುಣಿಸಿದರೆ ಒಂದು ದಿನದ್ದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಳೆಯಿರಿ. ಟ್ಯಾಂಕ್ ತುಂಬಿದ್ದಾಗ ಒತ್ತಡ ಜಾಸ್ತಿ, ಸೋರುವುದೂ ಜಾಸ್ತಿ. ಟ್ಯಾಂಕ್ ಖಾಲಿಯಾಗುತ್ತಾ ಬಂದಾಗ ಕಡಿಮೆ.

ಇನ್ನೊಂದು, ರಾತ್ರಿ ಹೊತ್ತು ಟ್ಯಾಂಕಿನ ವಾಲ್ವ್ ಮುಚ್ಚುತ್ತಾರಾ ಅಂತ ಕೇಳಿಕೊಳ್ಳಿ. ಮುಚ್ಚಿದರೆ 24 ಗಂಟೆಯ ಲೆಕ್ಕ ಸುಳ್ಳಾಗುತ್ತೆ. ತೆರೆದಿರುವ ಗಂಟೆಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.

ಗಿಡದ ಪೋಸ್ಟರ್‌ಗೆ ನನ್ನ ಆಯ್ಕೆ ಬಸವಣ್ಣನವರ ವಚನದ ಸಾಲು. "ಮರಕ್ಕೆ ಬಾಯಿ ಬೇರೆಂದು ತಳಕ್ಕೆ ನೀರೆರೆದಡೆ ಮೇಲೆ ಪಲ್ಲವಿಸಿತ್ತು ನೋಡಾ." ಗಿಡಕ್ಕೆ ಹೇಗೆ ನೀರು ಹಾಕಬೇಕು ಅಂತ ಅದರಲ್ಲೇ ಇದೆ. ಮಕ್ಕಳು ಪೈಪು ಹಿಡಿದರೆ ಎಲೆ ಮೇಲೆ ಹೊಡೆಯುತ್ತಾರೆ. ಎಲೆ ಫಳಫಳ ಹೊಳೆಯುತ್ತೆ, ಕೆಳಗೆ ಮಣ್ಣು ಒಣಗೇ ಇರುತ್ತೆ. ಬುಡಕ್ಕೆ ನಿಧಾನವಾಗಿ ಹಾಕಿ, ಆಮೇಲೆ ಬೆರಳು ಚುಚ್ಚಿ ನೋಡಿ. ಮೇಲೆ ಒದ್ದೆ, ಒಳಗೆ ಪುಡಿ ಮಣ್ಣು ಸಿಕ್ಕಿದರೆ ನೀರು ಬೇರಿಗೆ ಮುಟ್ಟಿಲ್ಲ ಅಂತ ಅರ್ಥ.

ಕಿರಣ

ತೋಟದವರೇ, ಬುಡಕ್ಕೆ ಅಂದರೆ ಕಾಂಡಕ್ಕೆ ಅಂಟಿಕೊಂಡ ಹಾಗೇ ಅಲ್ವಾ? ದೊಡ್ಡ ಮರಗಳಿಗೂ ಹಾಗೇ ಹಾಕಬೇಕು ಅಂತ ಓದಿದ್ದೆ.

ತೋಟದವರು

ಸಸಿಗಾದರೆ ಬುಡದ ಸುತ್ತ. ಅದರ ಬೇರು ಇನ್ನೂ ಅಲ್ಲೇ ಇರುತ್ತೆ. ಅದಕ್ಕೂ ಕಾಂಡಕ್ಕೆ ಒಂದು ಗೇಣು ಬಿಟ್ಟು ಪಾತಿ ಮಾಡಿ. ಕಾಂಡಕ್ಕೇ ನೀರು ನಿಂತರೆ ತೊಗಟೆ ಕೊಳೆಯುತ್ತೆ. ಬೆಳೆದ ಮರಕ್ಕೆ ಕಾಂಡದ ಪಕ್ಕ ಸುರಿದು ಹೆಚ್ಚು ಪ್ರಯೋಜನ ಇಲ್ಲ. ನೀರು ಹೀರುವ ಸಣ್ಣ ಬೇರುಗಳು ದೂರ ಹರಡಿರುತ್ತವೆ. ಕೊಂಬೆಗಳ ಅಂಚಿನಿಂದ ಮಳೆ ನೀರು ತೊಟ್ಟಿಕ್ಕುವ ಜಾಗ ಇರುತ್ತಲ್ಲ, ಸುಮಾರು ಅಲ್ಲಿಯವರೆಗೆ, ಅದರಾಚೆಗೂ. ಟೀಚರ್ ಹತ್ತಿರ ಇರುವುದು ಸಸಿ, ಹಾಗಾಗಿ ವಚನದ ಮಾತು ಸರಿಹೋಗುತ್ತೆ.

ನಿವೃತ್ತ ಮೇಷ್ಟ್ರು

ಆ ವಚನದ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಅದು ಅಲ್ಲಿಗೆ ಮುಗಿಯುವುದಿಲ್ಲ. ಮುಂದಿನ ಸಾಲಿನಲ್ಲಿ ಲಿಂಗದ ಬಾಯಿ ಜಂಗಮ ಅನ್ನುತ್ತಾರೆ ಬಸವಣ್ಣನವರು. ಬುಡಕ್ಕೆ ಎರೆದ ನೀರು ಚಿಗುರಾಗುವ ಹಾಗೆ ಜಂಗಮಕ್ಕೆ ಕೊಟ್ಟದ್ದು ಲಿಂಗಕ್ಕೆ ಮುಟ್ಟುತ್ತದೆ ಅನ್ನುವುದು ಅವರು ಹೇಳಹೊರಟ ವಿಷಯ. ಮರ ಅಲ್ಲಿ ದೃಷ್ಟಾಂತ. ಮೊದಲ ಸಾಲನ್ನು ಮಾತ್ರ ಕತ್ತರಿಸಿ ತೋಟದ ಸಲಹೆ ಮಾಡಿಕೊಂಡರೆ, ಆಲದ ಮರದ ಗಾದೆಗೆ ನಾನು ಹೇಳಿದ ಆಕ್ಷೇಪ ಇದಕ್ಕೂ ತಾಗುತ್ತದೆ ಅನ್ನಿಸುತ್ತದೆ.

ತೋಟದವರು

ಇಲ್ಲ ಮೇಷ್ಟ್ರೇ, ಅದು ಬೇರೆ, ಇದು ಬೇರೆ. ಆಲದ ಮರದ ಗಾದೆಯಲ್ಲಿ ಮೊದಲ ಅರ್ಧವನ್ನು ಎರಡನೇ ಅರ್ಧ ಉಲ್ಟಾ ಮಾಡುತ್ತೆ. ಇಲ್ಲಿ ಹಾಗಿಲ್ಲ. ಬುಡಕ್ಕೆ ಎರೆದರೆ ಮೇಲೆ ಚಿಗುರುತ್ತೆ ಅನ್ನುವುದು ನಿಜ ಅಂತ ಬಸವಣ್ಣನವರೂ ಒಪ್ಪಿಕೊಂಡೇ ಮುಂದೆ ಹೋಗುತ್ತಾರೆ. ಮೊದಲ ಸಾಲು ಸುಳ್ಳಾದರೆ ಎರಡನೆಯದಕ್ಕೆ ಆಧಾರವೇ ಇರುವುದಿಲ್ಲ. ಅದಕ್ಕೇ ಆ ಸಾಲನ್ನು ಒಂದೇ ತೆಗೆದುಕೊಂಡರೂ ತಪ್ಪಿಲ್ಲ ಅಂತ ನಾನು ಹೇಳುವುದು.

ನಿವೃತ್ತ ಮೇಷ್ಟ್ರು

ನಿಮ್ಮ ವಾದದಲ್ಲಿ ಹುರುಳಿದೆ. ಆದರೂ ಪೂರ್ತಿ ವಚನ ಗೊತ್ತಿರುವ ಯಾರಾದರೂ ಬಂದು "ಉಳಿದದ್ದೆಲ್ಲಿ?" ಅಂತ ಕೇಳಿದರೆ, ಉತ್ತರ ಕೊಡಬೇಕಾದವರು ಟೀಚರ್. ಹಾಕುವುದಾದರೆ ಕೆಳಗೆ "ಬಸವಣ್ಣನವರ ವಚನದಿಂದ" ಅಂತ ಬರೆಯಿರಿ. ವಚನದಿಂದ ಅಂದರೆ ಇದು ಒಂದು ಭಾಗ ಅಂತ ಓದುವವರಿಗೆ ತಿಳಿಯುತ್ತದೆ. ಕ್ಲಬ್ಬಿನ ಮಕ್ಕಳು ಪೂರ್ತಿ ವಚನ ಒಮ್ಮೆ ಓದಿರಲಿ.

ಹಂಪಿಯ ಒಂದು ಶಾಸನವೂ ನೆನಪಾಯಿತು. ವಿಜಯನಗರದ ಕಾಲದ್ದು. ಲಕ್ಷ್ಮೀಧರ ಅನ್ನುವ ಅಮಾತ್ಯನಿಗೆ ಅವನ ತಾಯಿ ಹಾಲೂಡಿಸುವಾಗಲೇ ಕಿವಿಯಲ್ಲಿ ಹೇಳಿದಳಂತೆ, "ಕೆರೆಯಂ ಕಟ್ಟಿಸು, ಬಾವಿಯಂ ಸವೆಸು" ಅಂತ. ನನಗೆ ಇಡೀ ಕನ್ನಡದಲ್ಲಿ ನೀರಿನ ಬಗ್ಗೆ ಇದಕ್ಕಿಂತ ಇಷ್ಟವಾದ ಮಾತಿಲ್ಲ. ಪೋಸ್ಟರ್‌ಗೆ ಮಾತ್ರ ಹೇಳುವುದಿಲ್ಲ. ಅಧಿಕಾರ ಇದ್ದವನಿಗೆ ಹೇಳಿದ ಮಾತದು. ಕೆರೆ ಕಟ್ಟಿಸುವುದು ಆರನೇ ಕ್ಲಾಸಿನ ಮಗುವಿನ ಕೈಲಿಲ್ಲ, ನಲ್ಲಿ ನಿಲ್ಲಿಸುವುದು ಇದೆ.

ಎಂಟನೇ ಕ್ಲಾಸಿನ ಅಮ್ಮ

ಮೇಷ್ಟ್ರೇ, ನಿಮ್ಮ ಹತ್ತು ಮಕ್ಕಳ ಶ್ಲೋಕ ಮಗಳಿಗೆ ಓದಿ ಹೇಳಿದೆ. ಅವಳು ಪೆನ್ಸಿಲ್ ತಗೊಂಡು ಲೆಕ್ಕ ಹಾಕಿದಳು. ಕೊಳ ಹತ್ತು ಬಾವಿ, ಸರೋವರ ನೂರು ಬಾವಿ, ಮಗ ಸಾವಿರ ಬಾವಿ, ಮರ ಹತ್ತು ಸಾವಿರ ಬಾವಿ ಅಂತೆ. ಆಮೇಲೆ, "ಹತ್ತು ಗಂಡುಮಕ್ಕಳು ಅಂತ ಯಾಕೆ, ಹೆಣ್ಣುಮಕ್ಕಳನ್ನು ಎಣಿಸಲ್ವಾ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು ಹೇಳಿದಳು. ನಾನು ಮನೆಯಲ್ಲಿ ಯಾವಾಗಲೂ "ದುಡ್ಡನ್ನು ನೀರಿನ ಹಾಗೆ ಖರ್ಚು ಮಾಡಬೇಡ" ಅಂತ ಬೈಯುತ್ತಿರುತ್ತೇನೆ. ಅದಕ್ಕೆ ಅವಳು, "ನೀರನ್ನು ದುಡ್ಡಿನ ಹಾಗೆ ಖರ್ಚು ಮಾಡಿ ಅಂತ ಬರೀಬಹುದಲ್ವಾ ಅಮ್ಮ" ಅಂದಳು. ಟೀಚರ್‌ಗೆ ಉಪಯೋಗ ಆಗಬಹುದು ಅಂತ ಬರೆದೆ.

ಗೋಡೆಬರಹ

ಅಮ್ಮಾ, ನಿಮ್ಮ ಮಗಳ ಸಾಲಿಗೆ ನನ್ನ ಓಟು. ನೀರನ್ನು, ದುಡ್ಡಿನ ಹಾಗೆ, ಖರ್ಚು ಮಾಡಿ. ಮೂರೇ ಸಾಲು. ಓದಿದವರು ಒಂದು ಕ್ಷಣ ನಿಂತು, ಉಲ್ಟಾ ಬರೆದಿದ್ದಾರಾ ಅಂತ ಮತ್ತೆ ಓದುತ್ತಾರೆ. ಬೋರ್ಡ್ ಬರೆಯುವವನಿಗೆ ಬೇಕಾಗಿರುವುದು ಅದೇ.

ಕಿರಣ

ಚೆನ್ನಾಗಿದೆ, ಆದರೆ ಇದು ಗಾದೆ ಅಲ್ವಲ್ಲ? ಟೀಚರ್ ಕೇಳಿದ್ದು ಗಾದೆ. ದುಡ್ಡು ಜಾಸ್ತಿ ಇದ್ದವರು ಹೇಗೂ ದುಡ್ಡನ್ನು ಚೆಲ್ಲುತ್ತಾರೆ, ಅವರಿಗೆ ಈ ಮಾತು ಏನು ಹೇಳುತ್ತೆ?

ನಿವೃತ್ತ ಮೇಷ್ಟ್ರು

ಗಾದೆ ಅಲ್ಲ, ನಿಜ. ಆದರೆ ಮಾತು ಗಾದೆಯ ಜಾಗದಿಂದಲೇ ಹುಟ್ಟಿದೆ. ನೀರಿನ ಹಾಗೆ ಖರ್ಚು ಅನ್ನುವ ಮಾತನ್ನು ಮಾಡಿದವರಿಗೆ ನೀರು ಎಷ್ಟು ಚೆಲ್ಲಿದರೂ ಮುಗಿಯದ ವಸ್ತು. ಹುಡುಗಿ ಅದನ್ನೇ ತಿರುಗಿಸಿದ್ದಾಳೆ. ಇದನ್ನು "ಗಾದೆ" ಅಂತ ಬರೆಯದೆ, ಅವಳ ಕ್ಲಾಸಿನ ಹೆಸರು ಹಾಕಿ.

ಗಂಡುಮಕ್ಕಳ ಪ್ರಶ್ನೆ ನ್ಯಾಯವಾದದ್ದು. ಶ್ಲೋಕದಲ್ಲಿರುವುದು ಪುತ್ರ ಅಂತಲೇ. ಆ ಕಾಲದ ಎಣಿಕೆ ಹಾಗಿತ್ತು. ಕನ್ನಡದಲ್ಲಿ "ಹತ್ತು ಮಕ್ಕಳಿಗೆ ಒಂದು ಮರ ಸಮ" ಅಂತ ಬರೆದರೆ ಓದಲು ಹಿತವಾಗುತ್ತದೆ, ಮೂಲ ಬದಲಾಗುತ್ತದೆ. ನಾನಾದರೆ ಶ್ಲೋಕವನ್ನು ಪೋಸ್ಟರ್‌ಗೆ ತರದೆ ಕ್ಲಾಸಿನಲ್ಲಿ ಚರ್ಚೆಗೆ ಇಟ್ಟುಕೊಳ್ಳುತ್ತೇನೆ. ಸಾಲುಮರದ ತಿಮ್ಮಕ್ಕ ಆಲದ ಸಸಿಗಳನ್ನು ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು, ಮಕ್ಕಳ ಹಾಗೆ ಸಾಕಿದರಲ್ಲ, ಅವರ ಜೊತೆ ಸೇರಿಸಿ ಹೇಳಿದರೆ ಮಕ್ಕಳಿಗೆ ಚೆನ್ನಾಗಿ ಹತ್ತುತ್ತದೆ.

ತೋಟದವರು

ನನಗೆ ಶ್ಲೋಕವೇ ಗೋಡೆ ಮೇಲಿರಲಿ ಅನ್ನಿಸುತ್ತೆ. ಆ ಹುಡುಗಿ ಕೇಳಿದ ಪ್ರಶ್ನೆಯನ್ನು ಇನ್ನೂ ನಾಲ್ಕು ಮಕ್ಕಳು ಕೇಳಲಿ. ಆದರೆ ಮರ ಹತ್ತು ಸಾವಿರ ಬಾವಿಗೆ ಸಮ ಅಂತ ಲೆಕ್ಕ ಬರೆಯಬೇಡಿ. ಹಾಗಾದರೆ ಬಾವಿ ಯಾಕೆ, ಮರ ನೆಟ್ಟರೆ ಸಾಕು ಅಂತ ಯಾರಾದರೂ ಹೇಳುತ್ತಾರೆ. ಸಸಿ ಬೇರೂರುವ ತನಕ ಬೇಸಿಗೆಯಲ್ಲಿ ಅದಕ್ಕೆ ಬಾವಿ ನೀರೇ ಬೇಕು.

ವಿಜ್ಞಾನ ಟೀಚರ್

ಅಳತೆ ಮಾಡಿದೆವು. ನಾಲ್ಕು ನಲ್ಲಿಗಳಲ್ಲಿ ಒಂದು ಮಾತ್ರ ಸೋರುತ್ತಿದೆ, ಎಷ್ಟು ತಿರುಗಿಸಿದರೂ ನಿಲ್ಲುವುದಿಲ್ಲ. ಹತ್ತು ನಿಮಿಷಕ್ಕೆ ಬೆಳಿಗ್ಗೆ 160 ಮಿಲಿಲೀಟರ್, ಸಂಜೆ 140. ಸರಾಸರಿ 150. ಗಂಟೆಗೆ 900 ಮಿಲಿಲೀಟರ್. ವಾಲ್ವ್ ರಾತ್ರಿ ಮುಚ್ಚುವುದಿಲ್ಲ ಅಂತ ಗೊತ್ತಾಯಿತು, ಹಾಗಾಗಿ 24 ಗಂಟೆಯ ಲೆಕ್ಕ ಹಿಡಿದೆವು. ದಿನಕ್ಕೆ 21 ಲೀಟರ್ 600 ಮಿಲಿಲೀಟರ್. ಭಾನುವಾರವೂ ಸೋರುತ್ತದೆ, ರಜೆಯಲ್ಲೂ ಸೋರುತ್ತದೆ. ತಿಂಗಳಿಗೆ 648 ಲೀಟರ್. ಒಂದು ಲೀಟರ್ ಬಾಟಲಿ ತರುವ ಮಕ್ಕಳು, ದಿನಕ್ಕೆ ಇಪ್ಪತ್ತೊಂದು ಬಾಟಲಿ ಅಂತ ತಾವೇ ಲೆಕ್ಕ ಮಾಡಿಕೊಂಡರು.

ಈಗ ಒಂದು ತೊಂದರೆ. ಗಾದೆಯ ಕೆಳಗೆ "ನಮ್ಮ ಮೂರನೇ ನಲ್ಲಿಯಿಂದ ದಿನಕ್ಕೆ 21 ಲೀಟರ್" ಅಂತ ಬರೆದರೆ, ನಲ್ಲಿ ರಿಪೇರಿ ಆದ ದಿನ ಪೋಸ್ಟರ್ ಸುಳ್ಳಾಗುತ್ತದೆ.

ಗೋಡೆಬರಹ

ಆ ಏಳು ಇಂಚು ಜಾಗ ಇದೆಯಲ್ಲ ಮೇಡಂ, ಅದಕ್ಕೆ ಬ್ಲ್ಯಾಕ್‌ಬೋರ್ಡ್ ಪೇಂಟ್ ಹೊಡೆಸಿ. ಅಂಕಿಯನ್ನು ಸೀಮೆಸುಣ್ಣದಲ್ಲಿ ಬರೆಯಿರಿ. ವಾರಕ್ಕೊಮ್ಮೆ ಅಳೆದು ಅಳಿಸಿ ಬರೆಯಲಿ. ಸೊನ್ನೆ ಆದರೆ ಸೊನ್ನೆ ಬರೆಯಲಿ.

ನಲ್ಲಿ ಹತ್ತಿರ ಚಾರ್ಟ್ ಪೇಪರ್ ಹಾಕಬೇಡಿ. ನೀರು ಸಿಡಿದು ಒಂದೇ ವಾರದಲ್ಲಿ ಸ್ಕೆಚ್ ಪೆನ್ ಬಣ್ಣ ಇಳಿದುಬಿಡುತ್ತೆ. ಅದೇ ಅಳತೆಯ ತಗಡು ತಂದು ಎನಾಮಲ್ ಪೇಂಟ್‌ನಲ್ಲಿ ಬರೆಸಿ. ತಿಳಿ ಹಳದಿ ಮೇಲೆ ಕಪ್ಪು ಅಕ್ಷರ. ಹಸಿರು ಮೇಲೆ ನೀಲಿ ಬೇಡ, ಪರಿಸರದ ಬಣ್ಣ ಅಂತ ಎಲ್ಲರೂ ಅದನ್ನೇ ಕೇಳುತ್ತಾರೆ, ದೂರಕ್ಕೆ ಎರಡೂ ಒಂದರಲ್ಲೊಂದು ಮುಳುಗುತ್ತವೆ.

ತೋಟದವರು

ನಲ್ಲಿ ತಿರುಗಿಸಿದರೂ ನಿಲ್ಲದಿದ್ದರೆ ಬಹುಶಃ ವಾಷರ್ ಸವೆದಿದೆ. ವಾಲ್ವ್ ಮುಚ್ಚಿ, ನಲ್ಲಿ ಬಿಚ್ಚಿ ವಾಷರ್ ಹಾಕಿಸಿ. ಜೋರಾಗಿ ತಿರುಗಿಸಬೇಡಿ ಅಂತ ಮಕ್ಕಳಿಗೂ ಹೇಳಿ, ಅದರಿಂದ ಇನ್ನೂ ಬೇಗ ಸವೆಯುತ್ತೆ.

ಗಿಡದ ಬೋರ್ಡನ್ನು ಗಿಡಕ್ಕೆ ಕಟ್ಟಬೇಡಿ, ದೊಡ್ಡ ಮರಕ್ಕೆ ಮೊಳೆ ಹೊಡೆಯಲೂ ಬೇಡಿ. ಮೊಳೆ ಹೋದ ಕಡೆ ತೊಗಟೆ ಒಡೆದು ಹುಳ, ಬೂಷ್ಟು ಒಳಗೆ ಹೋಗಲು ದಾರಿಯಾಗುತ್ತೆ. ತಂತಿ ಸುತ್ತಿದರೆ ಕಾಂಡ ದಪ್ಪ ಆಗುತ್ತಾ ತಂತಿ ಒಳಗೆ ಕಚ್ಚಿಕೊಳ್ಳುತ್ತೆ. ತೊಗಟೆಯ ಒಳಪದರದಲ್ಲೇ ಎಲೆಯಿಂದ ಬೇರಿಗೆ ಆಹಾರ ಇಳಿಯುವುದು, ಅದು ಸುತ್ತಲೂ ತುಂಡಾದರೆ ಗಿಡ ಸಾಯುತ್ತೆ. ಬೇರೆ ಗೂಟ ನೆಟ್ಟು ಅದಕ್ಕೆ ಬೋರ್ಡ್ ಹಾಕಿ. ಗೂಟ ಪಾತಿಯ ಹೊರಗಿರಲಿ.

ವಿಜ್ಞಾನ ಟೀಚರ್

ಮಕ್ಕಳ ಜೊತೆ ಕೂತು ಮಾತಾಡಿದೆ. ನಲ್ಲಿ ಹತ್ತಿರದ ತಗಡಿನಲ್ಲಿ "ಹನಿ ಹನಿ ಕೂಡಿದರೆ ಹಳ್ಳ", ಕೆಳಗೆ ಕಪ್ಪು ಪಟ್ಟಿಯಲ್ಲಿ ವಾರದ ಅಂಕಿ. ಅಳೆಯುವ ಪಾಳಿ ಏಳನೇ ಕ್ಲಾಸಿನದು. ನೀರು, ದುಡ್ಡಿನ ಸಾಲನ್ನು ಕೈತೊಳೆಯುವ ಬೇಸಿನ್ ಮೇಲೆ ಬರೆಸುತ್ತೇವೆ. ಅಮ್ಮಾ, ನಿಮ್ಮ ಮಗಳ ಒಪ್ಪಿಗೆ ಕೇಳಿ ಹೇಳಿ.

ಗಿಡದ ಬೋರ್ಡ್ ಮಾತ್ರ ಇನ್ನೂ ತೀರ್ಮಾನ ಆಗಿಲ್ಲ. ಅರ್ಧ ಮಕ್ಕಳು ವಚನದ ಸಾಲು ಬೇಕು ಅನ್ನುತ್ತಾರೆ. ಇನ್ನರ್ಧ, ಸುಮ್ನೆ "ಎಲೆಗಲ್ಲ, ಬುಡಕ್ಕೆ" ಅಂತ ಎರಡೇ ಪದ ಸಾಕು ಅನ್ನುತ್ತಾರೆ. ಸೋಮವಾರ ಕನ್ನಡ ಮೇಡಂ ಬಂದು ಪೂರ್ತಿ ವಚನ ಓದಿಸುತ್ತಾರೆ, ಆಮೇಲೆ ಕೈ ಎತ್ತಿಸುತ್ತೇವೆ. ಆಲದ ಮರದ ಚಿತ್ರವನ್ನು ಯಾವ ಮಾತು ಗೆದ್ದರೂ ಅದರ ಪಕ್ಕ ಹಾಕುತ್ತೇವೆ.

ಗೋಡೆಬರಹ ಅವರೇ, ಬಿಸಿಲಲ್ಲಿ ನಿಲ್ಲುವ ಬೋರ್ಡಿಗೂ ಎನಾಮಲ್ ಆಗುತ್ತಾ?

ಗೋಡೆಬರಹ

ಆಗುತ್ತೆ. ತಗಡಿಗೆ ಮೊದಲು ಒಂದು ಕೋಟು ಪ್ರೈಮರ್ ಹೊಡೆದು ಪೂರ್ತಿ ಒಣಗಲು ಬಿಡಿ, ಇಲ್ಲದಿದ್ದರೆ ಬಿಸಿಲಿಗೆ ಪದರ ಪದರ ಎದ್ದುಬಿಡುತ್ತೆ. ಕೆಂಪು ಬಣ್ಣ ಬೇಗ ಮಾಸುತ್ತೆ, ಅಕ್ಷರಕ್ಕೆ ಕಪ್ಪೇ ಇರಲಿ. ಸೋಮವಾರ ಯಾವುದು ಗೆದ್ದಿತು ಅಂತ ಹೇಳಿ. ಎರಡೇ ಪದ ಆದರೆ ಅಕ್ಷರ ನಾಲ್ಕು ಇಂಚು ಮಾಡಬಹುದು, ವಚನ ಆದರೆ ಎರಡಕ್ಕಿಂತ ಹೆಚ್ಚು ಹಿಡಿಸಲ್ಲ.